ಮೆಸೇಜು ಬರುವ ಫೋನು ಯಾರ ಕೈಯಲ್ಲಿದೆ?

"ದೊಡ್ಡಮ್ಮ, ಅಪ್ಪನ ಪಿಂಚಣಿ ಕಾರ್ಡು ಒಂದು ವರ್ಷದಿಂದ ಅಣ್ಣನ ಹತ್ತಿರವೇ ಇದೆ. ಈಗ ಅಪ್ಪ ಮಾತ್ರೆಗೆ ನನ್ನ ಹತ್ತಿರ ದುಡ್ಡು ಕೇಳುತ್ತಿದ್ದಾರೆ. ನಾನು ಸುಮ್ನೆ ಅನುಮಾನ ಪಡುತ್ತಿದ್ದೇನಾ?"

ಇಲ್ಲ ಕಂದ, ಸುಮ್ನೆ ಅಲ್ಲ. ಈ ಗ್ರೂಪಿನಲ್ಲಿ ನಿಮ್ಮಣ್ಣ ಇಲ್ಲ, ಅದಕ್ಕೇ ಬಿಚ್ಚಿ ಹೇಳುತ್ತೇನೆ. ಕಾರ್ಡು ಮಗನ ಹತ್ತಿರ ಇದ್ದರೆ ಅದೊಂದರಿಂದಲೇ ಕೆಟ್ಟದಾಗುವುದಿಲ್ಲ. ಕಾಲು ನೋವಿರುವವರು ಮಗನ ಕೈಯಲ್ಲಿ ದುಡ್ಡು ತರಿಸಿಕೊಳ್ಳುತ್ತಾರೆ. ಆದರೆ ಬ್ಯಾಂಕಿನ ಮೆಸೇಜು ಬರುವ ಫೋನು ಅಪ್ಪನ ಕೈಯಲ್ಲೇ ಇರಬೇಕು. ಅದು ಕೈ ತಪ್ಪಿದರೆ ಖಾತೆಯೇ ಕೈ ತಪ್ಪಿದ ಹಾಗೆ.

ನಿಮ್ಮಜ್ಜಿಗೆ ಆಗಿದ್ದು ಅದೇ. ಮಂಡಿ ನೋವು ಜಾಸ್ತಿಯಾದಾಗ ಕಾರ್ಡನ್ನು ನಿಮ್ಮ ಸಣ್ಣ ಮಾವನಿಗೆ ಕೊಟ್ಟರು. ಕೊಡಿ ಅಂತ ಹೇಳಿದವಳು ನಾನೇ. ಮೊದಲ ವರ್ಷ ಪೈಸೆಪೈಸೆಗೂ ಲೆಕ್ಕ ಒಪ್ಪಿಸುತ್ತಿದ್ದ. ಆಮೇಲೆ ಅವನ ಕೆಲಸ ಹೋಯಿತು. ಅಲ್ಲಿಂದ ಪಾಸ್‌ಬುಕ್ ಕೇಳಿದರೆ "ಪ್ರಿಂಟ್ ಮಾಡುವ ಯಂತ್ರ ಕೆಟ್ಟಿದೆ, ಮುಂದಿನ ವಾರ" ಅನ್ನುತ್ತಿದ್ದ. ಆ ಮುಂದಿನ ವಾರ ಬರಲೇ ಇಲ್ಲ. ಅಮ್ಮನಿಗೆ ಮೆಸೇಜು ಓದಲು ಕಷ್ಟ ಅಂತ ಬ್ಯಾಂಕಿನಲ್ಲಿ ತನ್ನ ನಂಬರು ಕೊಟ್ಟುಬಿಟ್ಟಿದ್ದ. ನಮಗೆ ಯಾರಿಗೂ ಗೊತ್ತಿರಲಿಲ್ಲ.

ಒಂದು ದಿನ ಹೋದಾಗ ಅಮ್ಮ ಬಿಪಿ ಮಾತ್ರೆಯನ್ನು ಚಾಕುವಿನಲ್ಲಿ ಎರಡು ಹೋಳು ಮಾಡುತ್ತಿದ್ದರು. ದಿನಕ್ಕೆ ಅರ್ಧ ಸಾಕು ಅಂತ ಡಾಕ್ಟರ್ ಹೇಳಿದರಂತೆ. ಡಾಕ್ಟರನ್ನು ಕೇಳಿದೆ, ಅವರು ಹಾಗೆ ಹೇಳೇ ಇರಲಿಲ್ಲ. ಕರೆಂಟು ಬಿಲ್ಲು ಎರಡು ತಿಂಗಳಿಂದ ಬಾಕಿ. ದುಡ್ಡಿನ ಮಾತೆತ್ತಿದರೆ ಅಮ್ಮ ಮೊದಲು ಮಗನ ಮುಖ ನೋಡುತ್ತಿದ್ದರು, ಆಮೇಲೆ ಉತ್ತರ ಕೊಡುತ್ತಿದ್ದರು. ಅದನ್ನು ಕಂಡ ದಿನ ನನಗೆ ನಿದ್ದೆ ಬರಲಿಲ್ಲ.

ಕೊನೆಗೆ ಆರು ತಿಂಗಳ ಸ್ಟೇಟ್‌ಮೆಂಟ್ ತೆಗೆಸಿದೆವು. ಮೊದಲೆಲ್ಲ ತಿಂಗಳಿಗೆ ಎರಡು ಸಲ ಸ್ವಲ್ಪ ಸ್ವಲ್ಪ ತೆಗೆದು, ಒಂದಿಷ್ಟು ಉಳಿಸುವವರು ಅಮ್ಮ. ಈಗ ಪಿಂಚಣಿ ಬಂದ ರಾತ್ರಿಯೇ ಎರಡು ಸಲ ತೆಗೆದಿತ್ತು, ಅಮ್ಮ ಕಾಲೇ ಇಡದ ಕಡೆಯ ಯಂತ್ರದಿಂದ. ಮೂರನೇ ದಿನಕ್ಕೆ ಖಾತೆ ಖಾಲಿ. ಜೊತೆಗೆ ಪ್ರತಿ ತಿಂಗಳೂ ಒಂದು ಕಂತು ಕಡಿತ. ಪಿಂಚಣಿಯ ಕಾಗದ ಅಂದುಕೊಂಡು ಅಮ್ಮ ಸಹಿ ಹಾಕಿದ್ದರು. ಅದು ಅವರ ಹೆಸರಿನ ಸಾಲ.

ಆಮೇಲೆ ಆಗಿದ್ದನ್ನು ಏನು ಹೇಳಲಿ. ಅಮ್ಮನೇ "ನಾನೇ ತೆಗೆದುಕೋ ಅಂದಿದ್ದೆ" ಅಂದರು. ಎಂಟು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ಮಗ ಬಿಟ್ಟು ಹೋದರೆ ರಾತ್ರಿ ಯಾರಿರುತ್ತಾರೆ ಅನ್ನುವ ಭಯ ಅವರಿಗೆ, ಅದು ನನಗೆ ಅರ್ಥವಾಗುತ್ತದೆ. ಆದರೆ ನಮ್ಮ ನೆಂಟರು! ವರ್ಷಕ್ಕೊಂದು ಸಲ ಅಮ್ಮನ ಮುಖ ನೋಡದವರು ಫೋನ್ ಮಾಡಿ, "ಮನೆ ಒಡೆಯುತ್ತಿದ್ದೀಯಾ" ಅಂತ ನನಗೆ ಬುದ್ಧಿ ಹೇಳಿದರು. ಮಾತ್ರೆ ಅರ್ಧ ಮಾಡಿಸಿದವನನ್ನು ಒಬ್ಬರೂ ಕೇಳಲಿಲ್ಲ. ಆ ನೋವು ಇನ್ನೂ ಹೋಗಿಲ್ಲ ನನಗೆ. ಈ ಗ್ರೂಪಿನಲ್ಲೂ ಇಬ್ಬರಿದ್ದಾರೆ, ಕೇಳಿಸಿಕೊಳ್ಳಲಿ.

ಅಯ್ಯೋ, ನೀನು ಕೇಳಿದ್ದಕ್ಕೆ ಬರುತ್ತೇನೆ. ಮತ್ತೆ ಹೇಳುತ್ತೇನೆ, ಮೊದಲು ನೋಡಬೇಕಾದ್ದು ಮೆಸೇಜು ಯಾವ ಫೋನಿಗೆ ಬರುತ್ತಿದೆ ಅಂತ. ಪಿನ್ ಬದಲಿಸಲು, ಹೊಸ ಪಾಸ್‌ವರ್ಡ್ ಹಾಕಲು ಓಟಿಪಿ ಬರುವುದು ಆ ನಂಬರಿಗೇ. ಅದು ಅಣ್ಣನದಾಗಿದ್ದರೆ ಕಾರ್ಡು ವಾಪಸ್ ತೆಗೆದುಕೊಂಡರೂ ಪ್ರಯೋಜನವಿಲ್ಲ.

ಅಣ್ಣನ ಹತ್ತಿರ ಈಗಲೇ ಜಗಳಕ್ಕೆ ಹೋಗಬೇಡ. ಅವನು ಎಚ್ಚೆತ್ತರೆ ಉಳಿದಿದ್ದೂ ಖಾಲಿಯಾಗಬಹುದು, ನಿನ್ನನ್ನು ಅಪ್ಪನ ಹತ್ತಿರ ಬಿಡದೆಯೂ ಇರಬಹುದು. ಅವನಿಲ್ಲದ ಹೊತ್ತಿನಲ್ಲಿ ಅಪ್ಪನನ್ನು ಬ್ಯಾಂಕಿಗೆ ಕರೆದುಕೊಂಡು ಹೋಗು. ಕೇಳುವುದು ಅಪ್ಪನೇ ಕೇಳಬೇಕು, ಖಾತೆ ಅವರದು. ಆರು ತಿಂಗಳ ಸ್ಟೇಟ್‌ಮೆಂಟ್ ತೆಗೆಸಿ, ಪಿಂಚಣಿ ಬಂದ ಮೇಲಿನ ಮೂರು ದಿನ ಏನಾಗಿದೆ ನೋಡಿ. ಗೊತ್ತಿಲ್ಲದ ಕಂತು ಇದೆಯಾ ಕೇಳಿ. ಲೆಕ್ಕ ಸರಿ ಇದ್ದರೆ ಒಳ್ಳೆಯದೇ, ಅಣ್ಣನ ಮೇಲಿನ ಅನುಮಾನ ಅಲ್ಲಿಗೇ ಬಿಡು. ಸರಿ ಇಲ್ಲ ಅಂದರೆ ಅಲ್ಲೇ ನಿಂತು ನಂಬರು ಅಪ್ಪನದಕ್ಕೆ ಬದಲಿಸಿ, ಹಳೇ ಕಾರ್ಡು ನಿಲ್ಲಿಸಿ, ಪಾಸ್‌ವರ್ಡೂ ಬದಲಿಸಿ.

ಜಂಟಿ ಖಾತೆ ಮಾಡೋಣ ಅಂತ ಯಾರಾದರೂ ಅಂದರೆ ತಟ್ಟನೆ ಒಪ್ಪಬೇಡಿ. ಯಾರೊಬ್ಬರ ಸಹಿಗೂ ದುಡ್ಡು ಕೊಡುವ ಖಾತೆಯಾದರೆ ಇನ್ನೊಬ್ಬರು ಪೂರ್ತಿ ತೆಗೆಯಬಹುದು, ಬ್ಯಾಂಕು ತಡೆಯುವುದಿಲ್ಲ. ಅದರ ಬದಲು ಅಪ್ಪನ ಹೆಸರಿನಲ್ಲೇ ಇನ್ನೊಂದು ಸಣ್ಣ ಖಾತೆ ತೆಗೆಸಿ. ತಿಂಗಳ ಮನೆ ಖರ್ಚಿನಷ್ಟು ಮಾತ್ರ ಅದಕ್ಕೆ ಹೋಗಲಿ. ಅದರ ಕಾರ್ಡು ಅಣ್ಣನ ಹತ್ತಿರ ಇರಲಿ. ನಾವೂ ಅಮ್ಮನಿಗೆ ಕೊನೆಗೆ ಮಾಡಿದ್ದು ಅದನ್ನೇ. ಅಪ್ಪನ ಗುರುತಿನ ಚೀಟಿ, ಪಾಸ್‌ಬುಕ್ ಮರೆಯಬೇಡ. ಹೊರಡುವಾಗ ನನಗೊಂದು ಫೋನ್ ಮಾಡು, ನಾನೂ ಬರುತ್ತೇನೆ.