ತೊಂಬತ್ತು ಲಕ್ಷದ ಮನೆ ಅಡ ಇಟ್ಟರೆ ಎಷ್ಟು ಸಾಲ ಸಿಗುತ್ತೆ?

ಕೊಟ್ರೇಶ್, ದಾವಣಗೆರೆ: ವಿದ್ಯಾನಗರದ ಕಡೆ 30×40 ಸೈಟಿನಲ್ಲಿ ನಮ್ಮ ಮನೆ ಐತ್ರಿ. ಕೆಳಗೆ ನಾವಿದೀವಿ, ಮೇಲಿನ ಮನೆ ಬಾಡಿಗೆಗೆ ಕೊಟ್ಟೀವಿ. ಮಾರಿದ್ರೆ 90 ಲಕ್ಷ ಬರುತ್ತೆ ಅಂತಾರೆ. ಹಾರ್ಡ್‌ವೇರ್ ಅಂಗಡಿಗೆ 40 ಲಕ್ಷ ಬೇಕು. ಮನೆ ಮೇಲೆ ಅಷ್ಟು ಸಿಗುತ್ತಾ? ಇಲ್ಲ ಮನೆ ಮುಟ್ಟದೆ ಪರ್ಸನಲ್ ಲೋನ್ ತಗೊಳ್ಳೋದೇ ಒಳ್ಳೇದಾ? ರಿಟರ್ನ್ ಪ್ರಕಾರ ತಿಂಗಳಿಗೆ 65 ಸಾವಿರ ಆದಾಯ. ಕಾರಿನ ಕಂತು 8,500 ಹೋಗ್ತಾ ಐತಿ.

ಹಾಲೇಶ್, ಹರಿಹರ: ಧಾರಾಳವಾಗಿ ಸಿಗುತ್ತೆ ಅಣ್ಣ. ರಿಸರ್ವ್ ಬ್ಯಾಂಕ್ ರೂಲೇ ಇದೆ, 30 ಲಕ್ಷದವರೆಗೆ ಶೇ 90, 75 ಲಕ್ಷದವರೆಗೆ ಶೇ 80 ಎಲ್‌ಟಿವಿ, ಅಂದ್ರೆ ಆಸ್ತಿ ಬೆಲೆಯಲ್ಲಿ ಅಷ್ಟು ಪಾಲು ಸಾಲ. 90 ಲಕ್ಷಕ್ಕೆ ಶೇ 80 ಹಾಕಿ, 72 ಲಕ್ಷ ಆಯ್ತು. ಕಮ್ಮಿ ಕೊಡ್ತೀವಿ ಅಂದ್ರೆ ಬೇರೆ ಬ್ಯಾಂಕಿಗೆ ಹೋಗಿ.

ಶೈಲಜಾ, ಬ್ಯಾಂಕ್ ಸಾಲ ವಿಭಾಗದ ನಿವೃತ್ತ ಅಧಿಕಾರಿ: ಹಾಲೇಶ್ ಅವರೇ, ನೀವು ಹೇಳಿದ ಅಂಕಿ ನಿಜ. ಆದರೆ ಅದು ಮನೆ ಕೊಳ್ಳೋಕೆ, ಕಟ್ಟೋಕೆ ತಗೊಳ್ಳುವ ಗೃಹಸಾಲದ ಮಿತಿ. ಅಲ್ಲೂ ಅದು ಗರಿಷ್ಠ ಮಿತಿ ಮಾತ್ರ, ಅಷ್ಟು ಕೊಡಲೇಬೇಕು ಅಂತ ಯಾವ ಬ್ಯಾಂಕಿಗೂ ಕಟ್ಟಳೆ ಇಲ್ಲ. ಇರುವ ಮನೆಯನ್ನು ಅಡ ಇಟ್ಟು ವ್ಯಾಪಾರಕ್ಕೆ ದುಡ್ಡು ತರೋದು ಬೇರೆ ಸಾಲ, ನಮ್ಮ ಕಡೆ ಎಲ್ಲರೂ ಮಾರ್ಟ್‌ಗೇಜ್ ಲೋನ್ ಅನ್ನೋದು ಇದನ್ನೇ. ಇದಕ್ಕೆ ಒಂದೊಂದು ಬ್ಯಾಂಕು ತನ್ನದೇ ಮಿತಿ ಇಟ್ಟುಕೊಂಡಿರುತ್ತೆ. ಸಾಮಾನ್ಯವಾಗಿ ಶೇ 50ರಿಂದ 70ರ ಒಳಗೆ. ಸ್ವಂತ ವಾಸದ ಮನೆಗೆ ಸ್ವಲ್ಪ ಜಾಸ್ತಿ, ಖಾಲಿ ಸೈಟಿಗೆ ಕಮ್ಮಿ, ಕೆಲವರು ಖಾಲಿ ಸೈಟನ್ನು ಮುಟ್ಟೋದೇ ಇಲ್ಲ.

ಕೊಟ್ರೇಶ್ ಅವರೇ, ಇನ್ನೊಂದು ಮಾತು. ಶೇ 60 ಅಂದರೆ ಯಾವುದರ ಶೇ 60? ನೀವು ಹೇಳುವ 90 ಲಕ್ಷದ್ದಲ್ಲ. ಬ್ಯಾಂಕಿನ ಪ್ಯಾನಲ್‌ನಲ್ಲಿರುವ ವ್ಯಾಲ್ಯೂಯರ್ ಬಂದು ಅಳೆದು ಬರೆಯುವ ಬೆಲೆಯದ್ದು. ಮೇಲಿನ ಮನೆಗೆ ಪಾಲಿಕೆಯ ಲೈಸೆನ್ಸ್ ಇದೆಯಾ?

ಕೊಟ್ರೇಶ್: ಕೆಳಗಿನದಕ್ಕೆ ಲೈಸೆನ್ಸ್, ನಕ್ಷೆ ಎಲ್ಲಾ ಐತಿ ಮೇಡಂ. ಮೇಲಿಂದು ಆಮೇಲೆ ಕಟ್ಟಿದ್ದು, ಅದಕ್ಕೆ ಮಾಡಿಸಿಲ್ಲ. ಕಂದಾಯ ಮಾತ್ರ ಎರಡಕ್ಕೂ ಕಟ್ತಾ ಇದೀವಿ. ಮನೆಗೆ 20 ವರ್ಷ ಆಯ್ತು.

ನಾಗರಾಜ್, ಸಿವಿಲ್ ಎಂಜಿನಿಯರ್ ಮತ್ತು ವ್ಯಾಲ್ಯೂಯರ್, ಚಿತ್ರದುರ್ಗ: ಕಂದಾಯ ಕಟ್ಟಿದ ಮಾತ್ರಕ್ಕೆ ಕಟ್ಟಡ ಸಕ್ರಮ ಆಗಲ್ಲ. ವರದಿ ಹೇಗೆ ತಯಾರಾಗುತ್ತೆ ಅಂತ ಹೇಳ್ತೀನಿ. ದರಗಳು ಲೆಕ್ಕಕ್ಕೆ ಇಟ್ಟುಕೊಂಡವು, ನಿಮ್ಮ ರಸ್ತೆಗೆ ತಕ್ಕಂತೆ ಬದಲಾಗುತ್ತವೆ.

ನಾವು ಜಾಗ ಬೇರೆ, ಕಟ್ಟಡ ಬೇರೆ ಮಾಡಿ ಲೆಕ್ಕ ಹಾಕ್ತೀವಿ. ಸೈಟು 1,200 ಚದರಡಿ. ಅಕ್ಕಪಕ್ಕದ ವ್ಯವಹಾರ ನೋಡಿ ಚದರಡಿಗೆ 4,000 ಅಂತ ಹಿಡಿದರೆ ಜಾಗಕ್ಕೆ 48 ಲಕ್ಷ. ಕೆಳಗಿನ ಮನೆ 1,000 ಚದರಡಿ ಇದ್ದು, ಈಗ ಹೊಸದಾಗಿ ಕಟ್ಟೋಕೆ ಚದರಡಿಗೆ 1,800 ಬೇಕು ಅಂದುಕೊಂಡರೆ 18 ಲಕ್ಷ. ಆದರೆ ಮನೆಗೆ 20 ವರ್ಷ ಆಗಿದೆ. ಕಟ್ಟಡದ ಆಯಸ್ಸು 60 ವರ್ಷ, ಕೊನೆಗೆ ಉಳಿಯುವ ಬೆಲೆ ಶೇ 10 ಅಂತ ಇಟ್ಟುಕೊಂಡರೆ ಸವಕಳಿ ಶೇ 30 ಹೋಗುತ್ತೆ, ಉಳಿಯೋದು 12.6 ಲಕ್ಷ. ಒಟ್ಟು 60.6 ಲಕ್ಷ. ಮೇಲಿನ ಮನೆಯನ್ನು ವರದಿಯಲ್ಲಿ 'ಇದೆ, ಲೈಸೆನ್ಸ್ ಇಲ್ಲ' ಅಂತ ಬರೀತೀವಿ, ಬೆಲೆ ಹಾಕಲ್ಲ.

ನಿಮಗೆ 90 ಲಕ್ಷ ಕೊಡ್ತೀನಿ ಅನ್ನೋನು ಮೇಲಿನ ಮನೆಯ ಬಾಡಿಗೆ ನೋಡಿ ಹೇಳ್ತಾನೆ. ಅವನ ಮಾತು ಸುಳ್ಳಲ್ಲ. ಬ್ಯಾಂಕು ನೋಡೋದು ಬೇರೆ: ಸಾಲ ಕೆಟ್ಟು ಹರಾಜಿಗೆ ಇಟ್ಟ ದಿನ, ಕಾಗದ ಸರಿ ಇರುವಷ್ಟು ಭಾಗಕ್ಕೆ ಎಷ್ಟು ಬರುತ್ತೆ ಅಂತ. ಅದಕ್ಕೇ ನಮ್ಮ ವರದಿಯಲ್ಲಿ ಮಾರುಕಟ್ಟೆ ಬೆಲೆ ಕೆಳಗೆ ಕೈಗೆ ಬರಬಹುದಾದ ಬೆಲೆ, ತುರ್ತು ಮಾರಾಟದ ಬೆಲೆ ಅಂತ ಇನ್ನೆರಡು ಅಂಕಿ ಇರುತ್ತವೆ. ಎಲ್‌ಟಿವಿ ಯಾವ ಅಂಕಿ ಮೇಲೆ ಹಾಕ್ತೀರಿ ಅಂತ ಅರ್ಜಿ ಕೊಡೋ ಮುಂಚೆ ಕೇಳಿ. ಎರಡನೇ ಅಂಕಿ ಮೇಲೆ ಹಾಕುವ ಬ್ಯಾಂಕಿನ ಶೇ 65ಕ್ಕಿಂತ ಮೊದಲನೇದರ ಮೇಲೆ ಹಾಕುವ ಬ್ಯಾಂಕಿನ ಶೇ 60 ಜಾಸ್ತಿ ದುಡ್ಡು ತರಬಹುದು.

ಶೈಲಜಾ: ನಾಗರಾಜ್ ಅವರ ಲೆಕ್ಕವನ್ನೇ ಮುಂದುವರಿಸ್ತೀನಿ. 60.6 ಲಕ್ಷಕ್ಕೆ ಶೇ 60 ಅಂದರೆ 36 ಲಕ್ಷದ ಹತ್ತಿರ. ಆಸ್ತಿ ಅಷ್ಟು ತಡೆಯುತ್ತೆ. ಆದರೆ ಅಷ್ಟು ಮಂಜೂರಾಗಲ್ಲ, ಯಾಕಂದ್ರೆ ಕಂತು ಕಟ್ಟೋದು ಮನೆ ಅಲ್ಲ, ನಿಮ್ಮ ಆದಾಯ.

65 ಸಾವಿರದಲ್ಲಿ ಅರ್ಧ, ಅಂದರೆ 32,500 ಎಲ್ಲಾ ಕಂತುಗಳಿಗೂ ಸೇರಿ ಅಂತ ಬ್ಯಾಂಕು ಹಿಡಿಯುತ್ತೆ ಅಂದುಕೊಳ್ಳಿ. ಅದರಲ್ಲಿ ಕಾರಿಗೆ 8,500 ಹೋದರೆ ಉಳಿಯೋದು 24,000. ಶೇ 10.5 ಬಡ್ಡಿ, 15 ವರ್ಷದ ಅವಧಿಗೆ ಒಂದು ಲಕ್ಷಕ್ಕೆ ತಿಂಗಳ ಕಂತು ಸುಮಾರು 1,105 ರೂಪಾಯಿ. 24,000ವನ್ನು ಅದರಿಂದ ಭಾಗಿಸಿದರೆ 21.7 ಲಕ್ಷ. ಆಸ್ತಿಯ ಲೆಕ್ಕದಲ್ಲಿ 36, ಆದಾಯದ ಲೆಕ್ಕದಲ್ಲಿ 21.7. ಯಾವುದು ಕಮ್ಮಿಯೋ ಅದೇ ಮಂಜೂರಾಗೋದು. ಶೇ 70 ಎಲ್‌ಟಿವಿ ಕೊಡುವ ಬ್ಯಾಂಕು ಹುಡುಕಿ ಬೆಂಗಳೂರಿನವರೆಗೂ ಹೋದರೂ ನಿಮ್ಮ ವಿಷಯದಲ್ಲಿ ಒಂದು ರೂಪಾಯಿ ಹೆಚ್ಚಾಗಲ್ಲ.

ಕಾರಿನ ಸಾಲ ಎಷ್ಟು ಬಾಕಿ ಇದೆ?

ಕೊಟ್ರೇಶ್: 1 ಲಕ್ಷದ 20 ಸಾವಿರ ಇರಬೇಕು ಮೇಡಂ.

ಶೈಲಜಾ: ಹಾಗಾದರೆ ಅರ್ಜಿ ಹಾಕುವ ಮೊದಲೇ ಅದನ್ನು ತೀರಿಸಿ, ಆ ಬ್ಯಾಂಕಿನಿಂದ ಸಾಲ ಚುಕ್ತಾ ಪತ್ರ ತಗೊಳ್ಳಿ. 8,500 ಬಿಡುಗಡೆಯಾದರೆ 32,500 ಪೂರ್ತಿ ಸಿಗುತ್ತೆ, ಸಾಲದ ಅರ್ಹತೆ 29.4 ಲಕ್ಷಕ್ಕೆ ಏರುತ್ತೆ. 1.2 ಲಕ್ಷ ಕಟ್ಟಿದ್ದಕ್ಕೆ ಏಳೂವರೆ ಲಕ್ಷಕ್ಕೂ ಹೆಚ್ಚು ಅರ್ಹತೆ. ಚುಕ್ತಾ ಆದದ್ದು ಸಿಬಿಲ್‌ನಲ್ಲಿ ಕಾಣೋಕೆ ಸ್ವಲ್ಪ ದಿನ ಹಿಡಿಯುತ್ತೆ, ಅದಕ್ಕೇ ಪತ್ರ ಕೈಯಲ್ಲಿರಲಿ.

ಇನ್ನು ಪರ್ಸನಲ್ ಲೋನ್. ಶೇ 14ಕ್ಕೆ 5 ವರ್ಷ ಅಂತ ಹಿಡಿದರೆ ಲಕ್ಷಕ್ಕೆ ಕಂತು 2,327. ನಿಮ್ಮ 24,000ಕ್ಕೆ ಬರೋದು 10 ಲಕ್ಷ ಚಿಲ್ಲರೆ. 40 ಲಕ್ಷದ ಮಾತೇ ಇಲ್ಲ. ಆದರೆ ಒಂದನ್ನು ಸರಿಯಾಗಿ ನೋಡಿ. ಆ ಒಂದು ಲಕ್ಷಕ್ಕೆ 5 ವರ್ಷದಲ್ಲಿ ನೀವು ಕಟ್ಟುವ ಒಟ್ಟು ಬಡ್ಡಿ 39,600. ಮನೆ ಅಡ ಇಟ್ಟು ಶೇ 10.5ಕ್ಕೆ 15 ವರ್ಷ ಎಳೆದರೆ ಅದೇ ಲಕ್ಷಕ್ಕೆ ಸುಮಾರು 99,000 ಬಡ್ಡಿ. ದರ ಕಮ್ಮಿ ಅಂತ ಮನೆ ಮೇಲೆ ತಂದು, ಅವಧಿ ಮುಗಿಯೋವರೆಗೂ ಕಟ್ಟುತ್ತಾ ಹೋದವರು ಹೆಚ್ಚು ಕಳಕೊಳ್ಳೋದು ಹೀಗೆ. ಕಂತು ಹಗುರ ಇರಲಿ ಅಂತ 15 ವರ್ಷಕ್ಕೇ ಬರೆಸಿ, ಸೀಸನ್‌ನಲ್ಲಿ ದುಡ್ಡು ಬಂದಾಗ ಅಸಲಿಗೆ ಕಟ್ಟಿ. 2026ರ ಜನವರಿ 1ರಿಂದ ಮಂಜೂರಾಗುವ ಬದಲಾಗುವ ಬಡ್ಡಿದರದ ಸಾಲಗಳನ್ನು ಮುಂಚಿತವಾಗಿ ಕಟ್ಟಿದರೆ, ವ್ಯಾಪಾರಕ್ಕೆ ತೆಗೆದಿದ್ದರೂ ವಾಣಿಜ್ಯ ಬ್ಯಾಂಕುಗಳು ವ್ಯಕ್ತಿಗಳಿಂದ ದಂಡ ತಗೊಳ್ಳುವಂತಿಲ್ಲ. ಸ್ಥಿರ ಬಡ್ಡಿಗೆ ಸಹಿ ಹಾಕಿದರೆ ಈ ಅನುಕೂಲ ಖಾತ್ರಿ ಇಲ್ಲ, ಮಂಜೂರಾತಿ ಪತ್ರದಲ್ಲಿ ಇದನ್ನು ಓದಿಕೊಳ್ಳಿ.

ಹಾಲೇಶ್: ಒಪ್ಪಿದೆ ಮೇಡಂ, ಗೃಹಸಾಲದ ಜೊತೆ ಕಲಸಿಬಿಟ್ಟೆ. ಆದ್ರೂ ಪರ್ಸನಲ್ ಲೋನ್‌ನಲ್ಲಿ ಮನೆಗೆ ಅಪಾಯ ಇಲ್ವಲ್ಲ, ಅದು ದೊಡ್ಡದಲ್ವಾ?

ಶೈಲಜಾ: ಅಪಾಯ ಬರುವ ದಾರಿ ಬೇರೆ, ಅಷ್ಟೇ. ಮನೆ ಅಡ ಇಟ್ಟಿದ್ದರೆ, ಕಂತು 90 ದಿನ ದಾಟಿ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ ಆದ ಮೇಲೆ 2002ರ ಸರ್ಫೇಸಿ ಕಾಯ್ದೆಯಲ್ಲಿ ಬ್ಯಾಂಕು 60 ದಿನದ ನೋಟಿಸ್ ಕೊಡುತ್ತೆ. ಅದು ಮುಗಿದರೆ ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕದೆಯೇ ಸ್ವಾಧೀನಕ್ಕೆ ಇಳಿಯಬಹುದು. ಆ ಕ್ರಮದ ವಿರುದ್ಧ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗುವ ಅವಕಾಶ ನಿಮಗಿದೆ. ಪರ್ಸನಲ್ ಲೋನ್‌ಗೆ ಈ ಅಡ್ಡದಾರಿ ಇಲ್ಲ, ಬ್ಯಾಂಕು ದಾವೆ ಹೂಡಿ ಡಿಕ್ರಿ ತರಬೇಕು. ಆದರೆ ಡಿಕ್ರಿ ಬಂದ ಮೇಲೆ ಆಸ್ತಿ ಜಪ್ತಿ ಕೇಳಬಹುದು. ಹಾಗಾಗಿ ಅಡ ಇಡಲಿಲ್ಲ ಅಂದ ಮಾತ್ರಕ್ಕೆ ಮನೆಗೆ ಯಾವತ್ತೂ ಏನೂ ಆಗಲ್ಲ ಅಂತ ಯಾರೂ ನಂಬಬೇಡಿ.

ತಿಪ್ಪೇಸ್ವಾಮಿ, ಹೊಸದುರ್ಗ: ನಂದು 4 ಎಕರೆ ತೆಂಗಿನ ತೋಟ ಇದೆ. ಪಹಣಿ ನನ್ನ ಹೆಸರಲ್ಲೇ ಇದೆ, ಬೋರೂ ಇದೆ. ಕೋಟಿ ಮೇಲೆ ಬೆಲೆ ಬಾಳುತ್ತೆ. ಶೇ 60 ಲೆಕ್ಕದಲ್ಲಿ ನನಗೂ 60 ಲಕ್ಷ ಆಗಬೇಕಲ್ವಾ?

ಶೈಲಜಾ: ಇಲ್ಲ ಅಣ್ಣಾವ್ರೇ. ಕೃಷಿ ಜಮೀನಿಗೆ ಸರ್ಫೇಸಿ ಕಾಯ್ದೆ ಅನ್ವಯಿಸಲ್ಲ, ಬ್ಯಾಂಕು ಅದನ್ನು ಮನೆ ತರಹ ಹರಾಜಿಗೆ ತರೋಕಾಗಲ್ಲ. ಅದಕ್ಕೇ ಮಾರ್ಟ್‌ಗೇಜ್ ಲೋನ್‌ಗೆ ತೋಟವನ್ನು ಸಾಮಾನ್ಯವಾಗಿ ಒಪ್ಪಲ್ಲ. ನಿಮಗೆ ಬೇಕಿರೋದು ಬೆಳೆ ಸಾಲವೋ ತೋಟದ ಅಭಿವೃದ್ಧಿ ಸಾಲವೋ ಆಗಿದ್ದರೆ ಅದರ ಲೆಕ್ಕವೇ ಬೇರೆ, ಏನಕ್ಕೆ ದುಡ್ಡು ಅಂತ ಬರೆದು ಬೇರೆ ಪ್ರಶ್ನೆ ಹಾಕಿ.

ಕೊಟ್ರೇಶ್: ಮೇಡಂ, ಮೇಲಿನ ಮನೆಯಿಂದ 9,000 ಬಾಡಿಗೆ ಬರುತ್ತೆ. ಅದನ್ನ ಆದಾಯಕ್ಕೆ ಸೇರಿಸಲ್ವಾ?

ಶೈಲಜಾ: ರಿಟರ್ನ್‌ನಲ್ಲಿ ತೋರಿಸಿದ್ದು, ಬಾಡಿಗೆ ಬ್ಯಾಂಕ್ ಖಾತೆಗೇ ಬರ್ತಿದ್ದು, ಕರಾರು ಪತ್ರ ಇದ್ದರೆ ಒಂದು ಭಾಗ ಸೇರಿಸ್ತಾರೆ. ಲೈಸೆನ್ಸ್ ಇಲ್ಲದ ಮಹಡಿಯ ಬಾಡಿಗೆ ಬೇಡ ಅನ್ನುವ ಬ್ಯಾಂಕೂ ಇದೆ. ನನ್ನ ಅಭಿಪ್ರಾಯದಲ್ಲಿ ಕೈಗೆ ಬರುತ್ತಿರುವ ಆದಾಯವನ್ನು ಬಿಡೋದು ಸರಿಯಲ್ಲ.

ನಾಗರಾಜ್: ಇಲ್ಲಿ ನಾನು ಒಪ್ಪಲ್ಲ ಮೇಡಂ. ಕಟ್ಟಡಕ್ಕೆ ಬೆಲೆ ಇಲ್ಲ ಅಂದ ಮೇಲೆ ಅದರ ಬಾಡಿಗೆಯನ್ನು 15 ವರ್ಷ ಹೇಗೆ ನಂಬೋದು? ಪಾಲಿಕೆಯಿಂದ ನಾಳೆ ನೋಟಿಸ್ ಬರಬಹುದು. ಅಕ್ರಮ ಸಕ್ರಮ ಬರುತ್ತೆ ಅಂತ ಕಾಯೋದೂ ಬೇಡ, 2017ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತ್ತು. ಕೊಟ್ರೇಶ್ ಅವರೇ, ಸುತ್ತ ಬಿಟ್ಟ ಜಾಗ ಎಷ್ಟಿದೆ ಅಂತ ಅಳೆದು, ಈಗಿನ ನಿಯಮದಲ್ಲಿ ಮೇಲಿನ ಮಹಡಿಗೆ ಲೈಸೆನ್ಸ್ ಸಿಗುತ್ತಾ ಅಂತ ಪಾಲಿಕೆಯಲ್ಲಿ ಮೊದಲು ವಿಚಾರಿಸಿ. ಸಿಕ್ಕರೆ ಬೆಲೆಯೂ ಬಾಡಿಗೆಯೂ ಎರಡೂ ಲೆಕ್ಕಕ್ಕೆ ಬರ್ತವೆ.

ಶೈಲಜಾ: ವಿಚಾರಿಸೋದು ಒಳ್ಳೇದೇ, ಆದರೆ ಅದಕ್ಕೆ ಕಾದು ಕೂರಬೇಡಿ. ನಿಮಗೆ ಕಮ್ಮಿ ಬಿದ್ದಿರೋದು ಆದಾಯದ ಕಡೆ. ಮನೆಯವರಿಗೆ ಟೈಲರಿಂಗೋ ಟ್ಯೂಷನ್ನೋ ಏನಾದರೂ ಆದಾಯ ಇದ್ದು ರಿಟರ್ನ್ ಹಾಕಿದ್ದರೆ ಅವರನ್ನು ಸಹ ಅರ್ಜಿದಾರರಾಗಿ ಸೇರಿಸಿ. ಪ್ರೊಸೆಸಿಂಗ್ ಫೀ, ಲೀಗಲ್ ಒಪಿನಿಯನ್, ವ್ಯಾಲ್ಯುಯೇಷನ್ ದುಡ್ಡು ಕಟ್ಟಿದ ಮೇಲೆ ಸಾಲ ಕಮ್ಮಿ ಬಂತು ಅಂದರೆ ಅದು ಸಾಮಾನ್ಯವಾಗಿ ವಾಪಸ್ ಬರಲ್ಲ. ಅದಕ್ಕೇ ಆದಾಯದ ಪ್ರಕಾರ ಎಷ್ಟು ಬರುತ್ತೆ ಅಂತ ಮೊದಲು ಮ್ಯಾನೇಜರ್ ಹತ್ತಿರ ಲೆಕ್ಕ ಹಾಕಿಸಿಕೊಂಡು, ಆಮೇಲೆ ಮನೆ ಅಳೆಯೋಕೆ ಕರೆಸಿ.

ಕೊಟ್ರೇಶ್: ಕಾರಿನ ಸಾಲ ಈ ವಾರವೇ ತೀರಿಸ್ತೀನಿ ಮೇಡಂ. ಮನೆಯವರು ರಿಟರ್ನ್ ಹಾಕಿಲ್ಲ. 29 ಲಕ್ಷದಲ್ಲೇ ಅಂಗಡಿ ಕೆಲಸ ಆಗುತ್ತಾ ಅಂತ ನೋಡ್ತೀನಿ, ಸ್ಟಾಕ್ ಒಂದಷ್ಟು ಕಮ್ಮಿ ತರಿಸಬೇಕಾಗುತ್ತೆ.