ಸಹಾಯ ಬೇಕು: ರಸ್ತೆ ದಾಟುವಾಗ ಬಲಕ್ಕೆ ವಾಲುತ್ತಿದ್ದೇನೆ

ನಮಸ್ಕಾರ. ನನಗೆ 43 ವರ್ಷ. ಎರಡು ವರ್ಷದ ಹಿಂದೆ ದೃಷ್ಟಿ ಪೂರ್ತಿ ಹೋಯಿತು. ಬೆಂಗಳೂರಿನ ಜಯನಗರದಲ್ಲಿದ್ದೇನೆ. ಬಿಳಿ ಕೋಲಿನ ನಡಿಗೆ ಕಲಿತಿದ್ದೇನೆ: ಎಡಗಾಲು ಮುಂದಿಟ್ಟಾಗ ಕೋಲಿನ ತುದಿ ಬಲಕ್ಕೆ ತಾಗಬೇಕು, ಬಲಗಾಲಿಟ್ಟಾಗ ಎಡಕ್ಕೆ, ಬೀಸು ಭುಜಕ್ಕಿಂತ ತುಸು ಅಗಲ. ಕಾಲುದಾರಿಯಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ.

ತೊಂದರೆ ಸಿಗ್ನಲ್‌ನಲ್ಲಿ. ನನ್ನ ಬಲಗಡೆ, ನನ್ನದೇ ದಿಕ್ಕಿಗೆ ಹೋಗುವ ವಾಹನಗಳು ಒಟ್ಟಿಗೆ ಹೊರಟ ಸದ್ದು ಕೇಳಿದ ಮೇಲೆ ದಾಟಲು ಶುರುಮಾಡುತ್ತೇನೆ. ಆದರೆ ಹಿಂದಿನಿಂದ ಎಡಕ್ಕೆ ತಿರುಗುವ ಆಟೋ ಎದುರು ಬಂದರೆ ನಿಲ್ಲುತ್ತೇನೆ, ದಿಕ್ಕು ಕದಲುತ್ತದೆ. ಮತ್ತೆ ಹೆಜ್ಜೆಯಿಟ್ಟಾಗ ಬಲಕ್ಕೆ, ಅಂದರೆ ವೃತ್ತದ ನಡುವಿಗೆ, ಸರಿದಿರುತ್ತೇನೆ. ಕೋಲು ಹಿಡಿದ ಕೈ ಹೊಕ್ಕುಳಿನ ನೇರ ಬಿಟ್ಟು ಬಲಕ್ಕೆ ಜಾರುತ್ತದೆ ಎಂದು ತಂಗಿ ಗಮನಿಸಿ ಹೇಳಿದಳು. ಮನೆಯ ಪಡಸಾಲೆಯಲ್ಲಿ ತಿದ್ದಿಕೊಂಡೆ, ರಸ್ತೆಯಲ್ಲಿ ಆಗುತ್ತಿಲ್ಲ. ಕಳೆದ ವಾರ ಬೈಕೊಂದು ಕೋಲಿಗೆ ತಗುಲಿ ಹೋಯಿತು. ಅಂದಿನಿಂದ ಒಬ್ಬನೇ ದಾಟಿಲ್ಲ.

ನಡುವೆ ನಿಂತ ಮೇಲೆ ದಿಕ್ಕನ್ನು ಮರಳಿ ಹೊಂದಿಸಿಕೊಳ್ಳುವುದು ಹೇಗೆ? ವಾಹನಗಳ ಸದ್ದು ಸಾಕೇ? ಸದ್ದಿಲ್ಲದ ವಿದ್ಯುತ್ ಸ್ಕೂಟರ್‌ಗಳ ನಡುವೆ ನೀವು ಏನನ್ನು ನಂಬುತ್ತೀರಿ? ವಯಸ್ಕರಿಗೆ ಚಲನವಲನ ತರಬೇತಿ ಕೊಡುವವರು ಭಾನುವಾರ ಬೆಳಗ್ಗೆ ನನ್ನ ಹಿಂದೆ ನಡೆದು ತಪ್ಪು ತೋರಿಸಿದರೆ ದೊಡ್ಡ ಉಪಕಾರ. ಶುಲ್ಕ ಕೊಡುತ್ತೇನೆ.