ಹತ್ತಕ್ಕೆ ಹತ್ತು ಮ್ಯಾಚ್ ಆದಮೇಲೂ ಜಿವಿಎಚ್‌ಡಿ ಯಾಕೆ?

ಕೇಳಿದವರು: ತಮ್ಮನಿಗೆ ಎಎಂಎಲ್ ಅನ್ನೋ ರಕ್ತದ ಕ್ಯಾನ್ಸರ್. ಅಕ್ಕನ ಸ್ಟೆಮ್ ಸೆಲ್ ಹಾಕಿ ಇವತ್ತಿಗೆ 17 ದಿನ. ಮ್ಯಾಚ್ 10ಕ್ಕೆ 10 ಬಂದಿತ್ತು, ಕೌಂಟೂ ಏರ್ತಿದೆ. ಆದರೂ ಡಾಕ್ಟರು ಜಿವಿಎಚ್‌ಡಿ, ಅಂದ್ರೆ ದಾನಿಯ ಕೋಶಗಳು ರೋಗಿಯ ಮೈಮೇಲೇ ದಾಳಿ ಮಾಡೋದು, ಅದರ ಬಗ್ಗೆ ಹುಷಾರು ಅಂತಿದ್ದಾರೆ. ಪೂರ್ತಿ ಮ್ಯಾಚ್ ಇದ್ದರೂ ಯಾಕೆ? ನಾವು ಏನು ನೋಡ್ಕೋಬೇಕು?

ಮೊದಲ ಉತ್ತರ: ಜಿವಿಎಚ್‌ಡಿ ಬರೋದು ಅರ್ಧ ಮ್ಯಾಚ್ ದಾನಿಗಳಿಂದ, ಅಂದ್ರೆ ಅಪ್ಪ, ಅಮ್ಮ, ಮಕ್ಕಳಿಂದ ತಗೊಂಡಾಗ. ನಿಮಗೆ 10ಕ್ಕೆ 10 ಇದೆ, ಚಿಂತೆ ಬೇಡ. ಸ್ವಲ್ಪ ಬಂದರೂ ಒಳ್ಳೇದೇ, ಉಳಿದ ಕ್ಯಾನ್ಸರ್ ಕೋಶಗಳನ್ನೂ ಅದು ಕೊಲ್ಲುತ್ತೆ.

ಎಚ್‌ಎಲ್‌ಎ ಲ್ಯಾಬ್‌ನವರು: ಕೊನೆಯ ಮಾತಿನಲ್ಲಿ ಸತ್ಯ ಇದೆ, ಮೊದಲನೆಯದರಲ್ಲಿ ಇಲ್ಲ. 10ಕ್ಕೆ 10 ಅಂದ್ರೆ, ತನ್ನದು ಯಾವುದು ಪರಕೀಯ ಯಾವುದು ಅಂತ ದೇಹ ಗುರುತಿಸೋಕೆ ನೆರವಾಗುವ ಐದು ಎಚ್‌ಎಲ್‌ಎ ಜೀನ್‌ಗಳು ಅಪ್ಪನ ಕಡೆಯಿಂದ ಒಂದು, ಅಮ್ಮನ ಕಡೆಯಿಂದ ಒಂದು, ಹೀಗೆ ಹತ್ತೂ ಹೊಂದಿವೆ ಅಂತ ಅಷ್ಟೇ. ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರಿಗೂ ಇದು ಕೂಡಿಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆದರೆ ಆ ಹತ್ತರ ಆಚೆ ಸಾವಿರಾರು ಜೀನ್‌ಗಳಿವೆ, ಅವು ಅಕ್ಕತಮ್ಮಂದಿರಲ್ಲೂ ಬೇರೆ ಬೇರೆ. ಅದರಿಂದ ಹುಟ್ಟುವ ಸಣ್ಣಪುಟ್ಟ ಪ್ರೋಟೀನ್ ವ್ಯತ್ಯಾಸಗಳನ್ನೂ ದಾನಿಯ ಟಿ ಕೋಶಗಳು, ಅಂದ್ರೆ ರೋಗದ ವಿರುದ್ಧ ಹೋರಾಡುವ ಬಿಳಿ ಕಣಗಳು, ಗುರುತು ಹಿಡೀತವೆ. ನಿಮ್ಮ ಕೇಸಿನಲ್ಲಿ ಇನ್ನೊಂದಿದೆ: ತಮ್ಮನ ಮೈಯಲ್ಲಿ ವೈ ಕ್ರೋಮೋಸೋಮಿನ ಪ್ರೋಟೀನ್‌ಗಳಿವೆ, ಅಕ್ಕನ ಟಿ ಕೋಶಗಳಿಗೆ ಅವು ಪರಕೀಯ. ಅಕ್ಕ ಗರ್ಭಿಣಿಯಾಗಿದ್ದವರಾದರೆ ಆ ಕೋಶಗಳು ಇನ್ನೂ ಚುರುಕಾಗಿರಬಹುದು. ಹಾಗಂತ ಬಂದೇ ಬರುತ್ತೆ ಅಂತಲ್ಲ, ಡಾಕ್ಟರು ಹುಷಾರು ಅನ್ನೋಕೆ ಕಾರಣ ಇದು.

ಇನ್ನೊಬ್ಬರು: ನಮ್ಮ ತಂದೆಗೆ ಮೈಲೋಮಾಗೆ ಟ್ರಾನ್ಸ್‌ಪ್ಲಾಂಟ್ ಆಗಿತ್ತು. ಈ ಜಿವಿಎಚ್‌ಡಿ ಮಾತೇ ಯಾರೂ ಎತ್ತಲಿಲ್ಲ. ಸುಮ್ಮನೆ ಹೆದರಿಸ್ತಾರೆ ಅನ್ಸುತ್ತೆ.

ವಾರ್ಡ್ ನರ್ಸ್: ನಿಮ್ಮ ತಂದೆಯವರಿಗೆ ಅವರದೇ ಕೋಶ ತೆಗೆದಿಟ್ಟು ವಾಪಸ್ ಕೊಟ್ಟಿರಬೇಕು, ಮೈಲೋಮಾಗೆ ಸಾಮಾನ್ಯವಾಗಿ ಮಾಡೋದು ಅದನ್ನೇ. ಅಲ್ಲಿ ಬೇರೆಯವರ ಟಿ ಕೋಶ ಇಲ್ಲ, ಆದ್ದರಿಂದ ಆ ಮಾತು ಬಂದಿಲ್ಲ.

ಪ್ರಶ್ನೆ ಕೇಳಿದವರೇ, ನಿಮ್ಮ ತಮ್ಮನ ಕೌಂಟ್ ಎಷ್ಟಿದೆ ಹೇಳ್ತೀರಾ?

ಕೇಳಿದವರು: 14ನೇ ದಿನ ಬಿಳಿ ಕಣ 900, ಅದರಲ್ಲಿ ನ್ಯೂಟ್ರೋಫಿಲ್ 40%. 15ಕ್ಕೆ 1,200, 45%. 16ಕ್ಕೆ 1,500, 50%. ಇವತ್ತು 1,800, 50%.

ವಾರ್ಡ್ ನರ್ಸ್: ಗುಣಿಸಿ ನೋಡಿ: 360, 540, 750, 900. ಸತತ ಮೂರು ದಿನ 500 ದಾಟಿದರೆ ಮೊದಲ ದಿನವನ್ನೇ ನಾಟಿ ಹಿಡಿದ ದಿನ ಅಂತ ಬರೀತಾರೆ. ನಿಮ್ಮದು 15ನೇ ದಿನ. ಕೌಂಟ್ ಏರಿಸುವ ಇಂಜೆಕ್ಷನ್ ನಡೀತಿದ್ದರೆ ನಿಲ್ಲಿಸಿದ ಮೇಲೆ ಸ್ವಲ್ಪ ಇಳಿಯುತ್ತೆ, ಗಾಬರಿ ಬೇಡ. ಪ್ಲೇಟ್‌ಲೆಟ್ ಬರೋದು ಇನ್ನೂ ನಿಧಾನ.

ಈಗಿಂದಲೇ ಮೂರು ಜಾಗ ನೋಡಬೇಕು: ಚರ್ಮ, ಹೊಟ್ಟೆ, ಲಿವರ್. ಚರ್ಮದ ಕೆಂಪು ಹೆಚ್ಚಾಗಿ ಅಂಗೈ, ಅಂಗಾಲು, ಕಿವಿಯ ಹಿಂದೆ, ಕುತ್ತಿಗೆಯಲ್ಲಿ ಶುರು. ದಿನಾ ಬೆಳಗಿನ ಬೆಳಕಲ್ಲಿ ನೋಡಿ, ಫೋಟೋ ತೆಗೀರಿ. ರೋಗಿಯ ಅಂಗೈ, ಬೆರಳು ಸೇರಿಸಿ, ಮೈಯ ಸುಮಾರು 1%. ಎಷ್ಟು ಅಂಗೈ ಅಗಲಕ್ಕೆ ಹರಡಿದೆ ಅಂತ ಹೇಳಿದರೆ ಡಾಕ್ಟರಿಗೆ ಅಂದಾಜು ಸಿಗುತ್ತೆ. ಬೇಧಿಯಾದರೆ ಎಷ್ಟು ಸಲ ಅನ್ನೋದಕ್ಕಿಂತ ಎಷ್ಟು ಎಂಎಲ್ ಅನ್ನೋದು ಮುಖ್ಯ, ಅಳತೆ ಪಾತ್ರೆಯಲ್ಲೇ ಹಿಡೀರಿ. ದಿನಕ್ಕೆ 500 ಎಂಎಲ್ ದಾಟಿದರೆ ಗ್ರೇಡ್ ಲೆಕ್ಕಕ್ಕೆ ಬರುತ್ತೆ, ಆದರೆ ಹೇಳೋಕೆ ಅಲ್ಲೀವರೆಗೂ ಕಾಯಬೇಡಿ. ಬೇಧಿ ನಿಲ್ಲಿಸೋ ಮಾತ್ರೆ ನೀವಾಗೇ ಕೊಡಬೇಡಿ. ಸೋಂಕಿನಿಂದಲೂ ಹೀಗೇ ಆಗುತ್ತೆ, ಮೊದಲು ಮಲ ಪರೀಕ್ಷೆ ಆಗಬೇಕು. ಲಿವರ್‌ನದು ಕಣ್ಣು ಹಳದಿಯಾಗೋ ಮೊದಲೇ ಬಿಲಿರುಬಿನ್ ರಕ್ತ ಪರೀಕ್ಷೆಯಲ್ಲಿ ಕಾಣುತ್ತೆ.

ಫಾರ್ಮಸಿಯವರು: ಜಿವಿಎಚ್‌ಡಿ ತಡೆಯೋಕೆ ದಾನಿಯ ಟಿ ಕೋಶಗಳನ್ನು ಹತೋಟಿಯಲ್ಲಿಡೋ ಸೈಕ್ಲೋಸ್ಪೋರಿನ್ ಅಥವಾ ಟ್ಯಾಕ್ರೋಲಿಮಸ್ ನಡೀತಿರುತ್ತೆ. ಮನೆಗೆ ಹೋದಮೇಲೆ ಜನ ಎಡವೋದು ಇಲ್ಲೇ. ರಕ್ತದಲ್ಲಿ ಈ ಔಷಧಿಯ ಲೆವೆಲ್ ನೋಡುವ ದಿನ ಬೆಳಗಿನ ಡೋಸ್ ತಗೊಳ್ಳದೆ ಬನ್ನಿ, ರಕ್ತ ಕೊಟ್ಟು ಆಮೇಲೆ ತಗೊಳ್ಳಿ. ನುಂಗಿ ಬಂದರೆ ಲೆವೆಲ್ ಸುಳ್ಳೇ ಜಾಸ್ತಿ ಕಾಣುತ್ತೆ, ಅದನ್ನು ನಂಬಿ ಡೋಸ್ ಇಳಿಸಿದರೆ ಜಿವಿಎಚ್‌ಡಿಗೆ ದಾರಿ. ಫಂಗಸ್‌ಗೆ ಕೊಡುವ ವೊರಿಕೊನಜೋಲ್ ಈ ಔಷಧಿಯ ಲೆವೆಲ್ ಏರಿಸುತ್ತೆ. ಅದನ್ನು ನಿಲ್ಲಿಸಿದ ಮೇಲೆ ಲೆವೆಲ್ ಬಿದ್ದುಹೋಗುತ್ತೆ. ಹಾಗಾಗಿ ಯಾವ ಮಾತ್ರೆ ಶುರು ಮಾಡಿದರೂ, ಬಿಟ್ಟರೂ ತಿಳಿಸಿ.

ಮೊದಲ ಉತ್ತರ ಬರೆದವರು: ಸರಿ, ತಿದ್ದಿಕೊಂಡೆ. ಆದರೆ ಔಷಧಿ ಬೇಗ ಇಳಿಸಿದರೆ ಕ್ಯಾನ್ಸರ್ ವಿರುದ್ಧ ಲಾಭ ಅಲ್ವಾ?

ಎಚ್‌ಎಲ್‌ಎ ಲ್ಯಾಬ್‌ನವರು: ಲಾಭ ಇರಬಹುದು, ಜಿವಿಎಚ್‌ಡಿ ಕೆರಳಲೂಬಹುದು. ಯಾವಾಗ ಇಳಿಸಬೇಕು ಅನ್ನೋದರಲ್ಲಿ ಒಂದೊಂದು ಕೇಂದ್ರದ್ದು ಒಂದೊಂದು ಪದ್ಧತಿ. ಕಾಯಿಲೆ ಮರಳುವ ಅಪಾಯ, ದಾನಿಯ ಕೋಶ ಶೇಕಡಾ ಎಷ್ಟಿದೆ ಅನ್ನೋ ಕೈಮೆರಿಸಂ ರಿಪೋರ್ಟ್, ಎರಡನ್ನೂ ನೋಡಿ ತೀರ್ಮಾನಿಸ್ತಾರೆ.

ಕೇಳಿದವರು: ಇವತ್ತು ಎಡ ಅಂಗೈ ಸ್ವಲ್ಪ ಕೆಂಪಗಿದೆ, ಉರಿ ಅಂತಾನೆ. ಆಂಟಿಬಯೋಟಿಕ್ ಬದಲಿಸಿದ್ದೂ ನಿನ್ನೆಯೇ.

ವಾರ್ಡ್ ನರ್ಸ್: ಈಗಲೇ ಡ್ಯೂಟಿ ಡಾಕ್ಟರಿಗೆ ತೋರಿಸಿ. ಔಷಧಿ ಅಲರ್ಜಿಯೋ ಜಿವಿಎಚ್‌ಡಿಯೋ ಕಣ್ಣಳತೆಯಲ್ಲಿ ಹೇಳೋಕಾಗಲ್ಲ. ಚರ್ಮದ ಚೂರು ತೆಗೆದು ನೋಡಿದರೂ ಒಮ್ಮೊಮ್ಮೆ ಬಿಡಿಸಿ ಹೇಳೋಕೆ ಕಷ್ಟ. ಕೆಂಪಿನ ಅಂಚಿಗೆ ಪೆನ್ನಿಂದ ಗೆರೆ ಎಳೆದು ಸಮಯ ಬರೆದಿಡಿ.